ಉದ್ದೇಶ ಗುರುತಿಸುವ ಮೊದಲು ಕಾಗುಣಿತ ತಿದ್ದಬೇಕೇ?

ಬಳಕೆದಾರರ ಸಂದೇಶವನ್ನು ಓದಿ ಅವರ ಉದ್ದೇಶವನ್ನು ಗುರುತಿಸುವ ಚಾಟ್‌ಬಾಟ್‌ಗೆ `pls cancle my ordr` ಎಂಬ ಸಾಲು ಬಂದಿದೆ ಎಂದಿಟ್ಟುಕೊಳ್ಳಿ. ಮನುಷ್ಯರಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ತಂತ್ರಾಂಶವಾದರೋ `cancle` ಎಂಬುದನ್ನು ಯಾವ ಪದವಾಗಿ ತಿದ್ದಬೇಕೆಂದು ಮೊದಲು ತೀರ್ಮಾನಿಸಬೇಕು.

ಈ ತೊಡಕಿನ ಬೇರು 1960ರ ದಶಕದಲ್ಲಿದೆ. ಒಂದು ಅಕ್ಷರ ಸೇರುವುದು, ಬಿಟ್ಟುಹೋಗುವುದು, ಬದಲಾಗುವುದು ಅಥವಾ ಅಕ್ಕಪಕ್ಕದ ಎರಡು ಅಕ್ಷರಗಳು ಅದಲುಬದಲಾಗುವುದು, ಇವುಗಳಲ್ಲಿ ಯಾವುದಾದರೂ ಒಂದರಿಂದಲೇ ಸುಮಾರು 80 ಪ್ರತಿಶತ ಕಾಗುಣಿತ ದೋಷಗಳು ಹುಟ್ಟುತ್ತವೆ ಎಂದು ಫ್ರೆಡರಿಕ್ ಡ್ಯಾಮೆರೋ 1964ರಲ್ಲಿ ತೋರಿಸಿದರು. ಅದರ ಮರುವರ್ಷ ವ್ಲಾದಿಮಿರ್ ಲೆವೆನ್‌ಸ್ಟೈನ್ ಪ್ರಕಟಿಸಿದ, ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ತಿದ್ದುಪಡಿ ಬೇಕೆಂದು ಎಣಿಸುವ ಅಳತೆಯಲ್ಲಿ ಅದಲುಬದಲಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಆ ಅಳತೆಯ ಪ್ರಕಾರ `cancle`ನಿಂದ `cancel`ಗೆ ಎರಡು ಹೆಜ್ಜೆ, `candle`ಗೆ ಒಂದೇ ಹೆಜ್ಜೆ; ಹೀಗಾಗಿ ಆರ್ಡರ್ ರದ್ದುಮಾಡಲು ಕೋರಿದವರ ಮಾತು ಮೇಣದಬತ್ತಿಯ ವಿಚಾರಣೆಯಾಗಿಬಿಡುತ್ತದೆ. ಡ್ಯಾಮೆರೋ ಅವರ ಅದಲುಬದಲನ್ನು ಸೇರಿಸಿದರೂ ಎರಡೂ ಪದಗಳು ಸಮಾನ ದೂರದಲ್ಲಿ ನಿಲ್ಲುತ್ತವೆಯೇ ಹೊರತು ಗೆಲ್ಲುವುದು ಯಾವುದೆಂದು ತಿಳಿಯುವುದಿಲ್ಲ.

ಆ ತೀರ್ಪಿಗೆ ಸಂಭವನೀಯತೆ ಬೇಕಾಯಿತು. 1990ರಲ್ಲಿ ಕೆರ್ನಿಘನ್, ಚರ್ಚ್ ಮತ್ತು ಗೇಲ್ ಅವರು ಪದವೊಂದು ಎಷ್ಟು ಬಳಕೆಯಲ್ಲಿದೆ, ಅದು ಇಂಥ ತಪ್ಪಾಗಿ ಬೆರಳಚ್ಚಾಗುವ ಸಾಧ್ಯತೆಯೆಷ್ಟು ಎಂಬೆರಡನ್ನೂ ಗುಣಿಸಿ ಪರ್ಯಾಯಗಳನ್ನು ಶ್ರೇಣೀಕರಿಸಿದರು. ಇಲ್ಲಿ ಪದಗಳ ಬಳಕೆಯನ್ನು ಸಾಮಾನ್ಯ ಪಠ್ಯದಿಂದಲ್ಲ, ಆಯಾ ಸೇವೆಯ ಸಂದೇಶಗಳಿಂದಲೇ ಎಣಿಸುವುದು ಅಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

160 ಅಕ್ಷರಗಳ ಎಸ್ಸೆಮ್ಮೆಸ್ ಕಾಲ ಬಂದಾಗ ಹೊಸ ಸಮಸ್ಯೆ ಎದುರಾಯಿತು. `2moro` ಕೈತಪ್ಪಿ ಆದದ್ದಲ್ಲ, ಬೇಕೆಂದೇ ಕಿರಿದಾಗಿಸಿದ್ದು. `tomorrow` ಆಗಲು ಅದಕ್ಕೆ ನಾಲ್ಕು ತಿದ್ದುಪಡಿ ಬೇಕು. ಅಷ್ಟು ಸಡಿಲ ಮಿತಿಯಿಟ್ಟರೆ ಐದಕ್ಷರದ ಪದಕ್ಕೆ ನೂರಾರು ಪರ್ಯಾಯಗಳು ಹುಟ್ಟಿಕೊಳ್ಳುತ್ತವೆ. ಆದ್ದರಿಂದ ಸಂಕ್ಷಿಪ್ತ ರೂಪಗಳಿಗೆ ನೇರ ಪಟ್ಟಿಗಳು ಬಂದವು, 2006ರ ಹೊತ್ತಿಗೆ ಎಸ್ಸೆಮ್ಮೆಸ್ ಭಾಷೆಯಿಂದ ಶಿಷ್ಟ ಭಾಷೆಗೆ ಯಂತ್ರಾನುವಾದವೆಂಬಂತೆಯೇ ಇದನ್ನು ನಡೆಸುವ ಪ್ರಯತ್ನವೂ ಆಯಿತು.

ತಿದ್ದುವ ಹಂತವೇ ಹಾನಿ ಮಾಡುವ ಸಂದರ್ಭಗಳು ಹೆಚ್ಚು ಗಮನಾರ್ಹ. `i wont cancel` ಎಂಬಲ್ಲಿ `wont` ಒಂದು ಅಕ್ಷರ ಬದಲಾಗಿ `want` ಆದರೆ ನಿರಾಕರಣೆಯು ಕೋರಿಕೆಯಾಗುತ್ತದೆ. `i wont to cancel` ಎಂದಿದ್ದರೆ ಅದೇ ತಿದ್ದುಪಡಿ ಬಹುಮಟ್ಟಿಗೆ ಸರಿ. ಒಂಟಿ ಪದವನ್ನು ನೋಡುವ ತಿದ್ದುಗ ಈ ಎರಡನ್ನು ಬೇರ್ಪಡಿಸಲಾರದು.

2016ರ ಆಸುಪಾಸಿನಲ್ಲಿ ಪದವನ್ನು ಅಕ್ಷರಗುಚ್ಛಗಳಾಗಿ ಒಡೆದು ಕಲಿಯುವ ಫಾಸ್ಟ್‌ಟೆಕ್ಸ್ಟ್‌ನಂಥ ಮಾದರಿಗಳು ಬಂದವು. `can`, `anc` ಎಂಬ ಗುಚ್ಛಗಳು `cancle`, `cancel` ಎರಡರಲ್ಲೂ ಇರುವುದರಿಂದ, ತಿದ್ದದೆಯೂ ಅವು ಹತ್ತಿರ ಬರುತ್ತವೆ. ಈಗ ಹಲವೆಡೆ ಮೂಲ ಸಂದೇಶವನ್ನು ಉಳಿಸಿಕೊಂಡು, ಉತ್ಪನ್ನದ ಹೆಸರುಗಳನ್ನೂ ನಿರಾಕರಣೆಯ ಪದಗಳನ್ನೂ ಮುಟ್ಟದೆ, ಖಚಿತವಾದ ಸಂಕ್ಷಿಪ್ತ ರೂಪಗಳನ್ನಷ್ಟೇ ಬಿಡಿಸುತ್ತಾರೆ. ತರಬೇತಿಯ ಸಂದೇಶಗಳಿಗೂ ಇದೇ ಸಂಸ್ಕರಣೆ ನಡೆಯಬೇಕು. ಇಲ್ಲದಿದ್ದರೆ ಮಾದರಿ ಕಲಿತದ್ದೊಂದು, ನೋಡುವುದು ಇನ್ನೊಂದಾಗುತ್ತದೆ. ತಿದ್ದುವ ಮೊದಲೂ ಅನಂತರವೂ ಉದ್ದೇಶವನ್ನು ಗುರುತಿಸಿ, ಉತ್ತರ ಬದಲಾದ ಸಂದೇಶಗಳನ್ನು ಮಾತ್ರ ಕಣ್ಣಾರೆ ಓದಿದರೆ ಈ ಹಂತ ಎಲ್ಲಿ ಕೆಡಿಸುತ್ತಿದೆ ಎಂಬುದು ಬೇಗ ಗೊತ್ತಾಗುತ್ತದೆ.