ಅನಿಮೇಷನ್‌ನಲ್ಲಿ ಹೊಂಡದ ನೀರು ತಳದಿಂದ ಏರುವುದಿಲ್ಲ, ಏಕೆ?

ಪ್ರಶ್ನೆ: ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ, ಹೆಚ್ಚಾದ ಮಳೆನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದನ್ನು ಮಕ್ಕಳಿಗೆ ತೋರಿಸಲು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪುಟ್ಟ ಅನಿಮೇಷನ್ ಮಾಡುತ್ತಿದ್ದೇನೆ. ನೀಲಿ ಆಯತಕ್ಕೆ ಎರಡು ಕೀಫ್ರೇಮ್ ಕೊಟ್ಟರೆ ನೀರು ತಳದಿಂದ ಏರದೆ ಮೇಲಕ್ಕೂ ಕೆಳಕ್ಕೂ ಹಿಗ್ಗುತ್ತದೆ. ಈಸಿ ಈಸ್ ಹಾಕಿದರೂ ಹೊಂಡ ತುಂಬಿದ ಹಾಗೆ ಅನಿಸುವುದಿಲ್ಲ. ಏನು ಮಾಡಲಿ?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು ಸುಲಭದ್ದು. ಯಾವುದೇ ಆಕೃತಿ ಹಿಗ್ಗುವುದು, ಕುಗ್ಗುವುದು, ತಿರುಗುವುದು ಅದರ ಆ್ಯಂಕರ್ ಪಾಯಿಂಟ್ ಅನ್ನು ಹಿಡಿದುಕೊಂಡು. ತೆರೆಯ ಮೇಲೆ ಎಳೆದು ಬರೆದ ಆಯತದ ಆ್ಯಂಕರ್ ಪಾಯಿಂಟ್ ಸಾಮಾನ್ಯವಾಗಿ ಇಡೀ ಚೌಕಟ್ಟಿನ ನಡುವೆ ಕುಳಿತಿರುತ್ತದೆ, ಆಯತ ಎಲ್ಲೇ ಇರಲಿ. Y ಕೀಲಿ ಒತ್ತಿ, ಆ ಬಿಂದುವನ್ನು ಆಯತದ ಕೆಳ ಅಂಚಿಗೆ ಎಳೆಯಿರಿ. ಎಳೆಯುವಾಗ Ctrl ಹಿಡಿದಿದ್ದರೆ ಅದು ಅಂಚಿಗೆ ತಾನೇ ಅಂಟಿಕೊಳ್ಳುತ್ತದೆ. ಇದನ್ನು ಕೀಫ್ರೇಮ್ ಹಾಕುವ ಮೊದಲೇ ಮಾಡಿ. ಆಮೇಲೆ Scale ಪಕ್ಕದ ಸರಪಳಿ ಗುರುತನ್ನು ಬಿಡಿಸಿ, ಅಗಲ 100 ಆಗಿಯೇ ಇರಲಿ, ಎತ್ತರ 0ಯಿಂದ 100ಕ್ಕೆ ಹೋಗಲಿ. ನೀರು ತಳದಿಂದಲೇ ಏರುತ್ತದೆ.

ಆದರೆ ಈ ಉಪಾಯ ಗೋಡೆ ನೇರವಾಗಿರುವ ತೊಟ್ಟಿಗೆ ಮಾತ್ರ ಸಾಕು. ಹೊಂಡವನ್ನು ಸೀಳಿ ತೋರಿಸುವಾಗ ನೀವು ಮೆಟ್ಟಿಲು ಬರೆಯುತ್ತೀರಿ, ಕೆಳಗೆ ಕಿರಿದು, ಮೇಲೆ ಅಗಲ. ಆಗ Scale ಬಿಟ್ಟುಬಿಡಿ. ಹೊಂಡಕ್ಕಿಂತ ದೊಡ್ಡದಾದ ನೀಲಿ ಆಯತವೊಂದನ್ನು ಹೊಂಡದ ತಳದ ಕೆಳಗಿನಿಂದ ಮೇಲಕ್ಕೆ ಸರಿಸಿ, ಹೊಂಡದ ಆಕೃತಿಯ ಒಂದು ಪ್ರತಿಯನ್ನು ಅದಕ್ಕೆ ಟ್ರ್ಯಾಕ್ ಮ್ಯಾಟ್ ಮಾಡಿ. ಹೊಂಡದ ಒಳಗೆ ಬಿದ್ದ ನೀಲಿ ಮಾತ್ರ ಕಾಣುತ್ತದೆ. ಮ್ಯಾಟ್ ಆದ ಪದರ ತಾನು ಮರೆಯಾಗುವುದರಿಂದ ಗೋಡೆ ಕಾಣಲು ಮೂಲ ಆಕೃತಿ ಬೇರೆಯಾಗಿಯೇ ಇರಬೇಕು. ಹಳೆಯ ಆವೃತ್ತಿಗಳಲ್ಲಿ ಮ್ಯಾಟ್ ಪದರ ನೀರಿನ ಪದರದ ನೇರ ಮೇಲೆಯೇ ಇರಬೇಕು, ಒಂದು ಸಾಲು ಆಚೀಚೆಯಾದರೂ ಕೆಲಸ ಕೆಡುತ್ತದೆ. ಈ ಆಯತದ ಆ್ಯಂಕರ್ ಪಾಯಿಂಟ್ ಅನ್ನು ಮೇಲಂಚಿಗೆ ಇಟ್ಟರೆ Position ತೋರಿಸುವ ಎರಡನೆಯ ಅಂಕಿಯೇ ನೀರಿನ ಮಟ್ಟವಾಗುತ್ತದೆ. ನೀರು ಏರಿದಂತೆ ಆ ಅಂಕಿ ಕಡಿಮೆಯಾಗುತ್ತದೆ, ಗಾಬರಿಯಾಗಬೇಡಿ.

ಈಗ ಎರಡನೆಯ ತೊಂದರೆ. ನಿಮ್ಮ ಹೊಂಡ 300 ಪಿಕ್ಸೆಲ್ ಆಳವಿದೆ, ಕೆಳಗಿನ ಅರ್ಧ 200 ಪಿಕ್ಸೆಲ್ ಅಗಲ, ಮೇಲಿನ ಅರ್ಧ 400 ಎಂದುಕೊಳ್ಳಿ. ಮಳೆನೀರು ಒಂದೇ ಸಮನೆ ಬರುತ್ತಿದ್ದರೆ ಮೇಲಿನ ಅರ್ಧ ತುಂಬಲು ಕೆಳಗಿನದರ ಎರಡರಷ್ಟು ಹೊತ್ತು ಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಮೂರು ಸೆಕೆಂಡು ಹಂಚೋಣ: 0ನೇ ಫ್ರೇಮ್‌ನಲ್ಲಿ ನೀರಿನ ಮಟ್ಟ 840, 25ನೇ ಫ್ರೇಮ್‌ನಲ್ಲಿ 690, 75ನೇ ಫ್ರೇಮ್‌ನಲ್ಲಿ 540. ಮೂರು ಕೀಫ್ರೇಮ್, ಮೂರೂ ಲೀನಿಯರ್. ಕೆಳಗೆ ಬೇಗ ಏರಿದ ನೀರು ಮೆಟ್ಟಿಲು ದಾಟಿದ ಮೇಲೆ ನಿಧಾನವಾಗುವುದನ್ನು ಕಣ್ಣು ತಕ್ಷಣ ನಂಬುತ್ತದೆ.

F9 ಒತ್ತಿ ಈಸಿ ಈಸ್ ಹಾಕಿದರೆ ಪ್ರತಿ ಕೀಫ್ರೇಮ್‌ನಲ್ಲೂ ವೇಗ ಸೊನ್ನೆಗೆ ಇಳಿಯುತ್ತದೆ. ನೀರು ನಡು ಮೆಟ್ಟಿಲಲ್ಲಿ ಕಾರಣವಿಲ್ಲದೆ ಒಮ್ಮೆ ನಿಂತು ಮುಂದೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಕೊನೆಯಲ್ಲಿ ಆಗುತ್ತದೆ. ಅಂಚು ಮುಟ್ಟುವ ಹೊತ್ತಿಗೆ ನೀರು ಬರುವುದೇ ನಿಂತುಹೋದಂತೆ ಕಾಣುತ್ತದೆ, ಮರುಕ್ಷಣ ಅದೇ ಹೊಂಡ ಉಕ್ಕಿ ಹರಿಯುತ್ತದೆ. ತುಂಬಿದ್ದರಿಂದ ಹರಿಯಿತು ಎಂಬ ಸಂಬಂಧ ಅಲ್ಲಿಯೇ ಕಡಿದುಹೋಗುತ್ತದೆ. ನೀವು ಮಕ್ಕಳಿಗೆ ತೋರಿಸಬೇಕಾದದ್ದು ಆ ಸಂಬಂಧವನ್ನೇ ಅಲ್ಲವೇ? ಅನಿಮೇಷನ್ ಎಂದರೆ ಎಲ್ಲಕ್ಕೂ ಈಸ್ ಎಂದು ಹೇಳಿಕೊಡುವವರ ಮೇಲೆ ನನಗೆ ತುಸು ಕೋಪವಿರುವುದು ಇದಕ್ಕೇ.

ಹೀಗಾಗಿ 75ನೇ ಫ್ರೇಮ್‌ನಲ್ಲೇ ಕಾಲುವೆ ಹರಿಯಲು ಶುರುವಾಗಬೇಕು. ಪೆನ್ ಟೂಲ್‌ನಿಂದ ದಪ್ಪ ನೀಲಿ ಗೆರೆ ಎಳೆದು, Trim Paths ಸೇರಿಸಿ, ಅದರ End ಅಂಕಿಯನ್ನು 75ರಿಂದ 85ನೇ ಫ್ರೇಮ್‌ವರೆಗೆ 0ಯಿಂದ 100ಕ್ಕೆ ಒಯ್ಯಿರಿ. ಗೆರೆ ಕೆಳಗಿನ ಹೊಂಡದ ಕಡೆಯಿಂದ ಹಿಂದಕ್ಕೆ ಬೆಳೆಯುತ್ತಿದ್ದರೆ ನೀವು ಅದನ್ನು ತಿರುಗುಮುರುಗಾಗಿ ಎಳೆದಿದ್ದೀರಿ. ಅಕ್ಕ-ತಂಗಿ ಹೊಂಡದ ಮೊದಲ ಕೀಫ್ರೇಮ್ 85ರಲ್ಲಿ ಇರಲಿ. ಮೇಲಿನ ಹೊಂಡದ ನೀರನ್ನು ಮಾತ್ರ ಇಳಿಸಬೇಡಿ, ಕೆಳಕ್ಕೆ ಹೋಗುತ್ತಿರುವುದು ಹೆಚ್ಚಾದ ನೀರು ಅಷ್ಟೇ.

ಈಸಿ ಈಸ್ ಒಪ್ಪುವುದು ಹೊಂಡಗಳ ಹೆಸರಿನ ಫಲಕಗಳಿಗೆ. ಅವು ಪಕ್ಕದಿಂದ ಜಾರಿ ಬಂದು ಮೆಲ್ಲನೆ ನಿಂತರೆ ಚೆಂದ. ಆ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಬರೆದಾಗ ‘ಅಕ್ಕ’ದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದರೆ ಫಾಂಟನ್ನು ಬೈಯಬೇಡಿ. Preferences ಒಳಗೆ Type ವಿಭಾಗದಲ್ಲಿ ಪಠ್ಯದ ಎಂಜಿನ್ Latin ಎಂದಿರಬಹುದು. ಅದನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಸಲ್ಲುವ ಆಯ್ಕೆಗೆ ಬದಲಿಸಿ, ಹೆಸರನ್ನು ಹೊಸ ಪಠ್ಯ ಪದರದಲ್ಲಿ ಮತ್ತೆ ಬರೆಯಿರಿ.