ಸ್ವೇ ಬ್ಯಾಕ್, ಫಾರ್ವರ್ಡ್ ಶೋಲ್ಡರ್: ಬಾಡಿಸ್ ಸ್ಲೋಪರ್‌ನಲ್ಲಿ ಏನು ತಿದ್ದಬೇಕು?

ಬಾಡಿಸ್ ಸ್ಲೋಪರ್ ಅಂದರೆ ಕತ್ತಿನಿಂದ ಸೊಂಟದವರೆಗಿನ ಮೂಲ ಪ್ಯಾಟರ್ನ್. ಇದರಲ್ಲಿ ಫ್ಯಾಷನ್ ಇರುವುದಿಲ್ಲ, ಹೊಲಿಗೆಗೆ ಬಿಡುವ ಮಾರ್ಜಿನ್ ಕೂಡ ಇರುವುದಿಲ್ಲ. ಮೈಯ ಆಕಾರ, ಡಾರ್ಟ್‌ಗಳು, ಉಸಿರಾಡಲು ಬೇಕಾದಷ್ಟು ಸಡಿಲ, ಇಷ್ಟೇ. ಮುಂದೆ ಯಾವ ಬ್ಲೌಸ್ ಅಥವಾ ಡ್ರೆಸ್ ಬರೆದರೂ ಇದರ ಮೇಲೇ ಬರೆಯುವುದರಿಂದ, ಇಲ್ಲಿ ಉಳಿದ ತಪ್ಪು ಎಲ್ಲ ಬಟ್ಟೆಗೂ ಹೋಗುತ್ತದೆ.

ಸ್ಲೋಪರನ್ನು ಅಳತೆ ಹಿಡಿದು ಸರಿಯಾಗಿ ಬರೆದರೂ ಎರಡು ಕಡೆ ಅದು ಮೈಗೆ ಒಗ್ಗದೇ ಹೋಗಬಹುದು. ಒಂದು, ಸೊಂಟದ ಹಿಂಭಾಗ ಒಳಗೆ ಬಾಗಿದ್ದಾಗ. ಇದೇ ಸ್ವೇ ಬ್ಯಾಕ್. ಇನ್ನೊಂದು, ಹೆಗಲಿನ ತುದಿ ಮುಂದಕ್ಕೆ ವಾಲಿದ್ದಾಗ. ಇದು ಫಾರ್ವರ್ಡ್ ಶೋಲ್ಡರ್. ಎರಡೂ ಮೈಯ ನಿಲುವಿಗೆ ಸೇರಿದವು. ಸುತ್ತಳತೆಯ ಟೇಪಿಗೆ ಇವು ಸಿಗುವುದಿಲ್ಲ. ಹಾಗಾಗಿ ಮಸ್ಲಿನ್ ಬಟ್ಟೆಯಲ್ಲಿ ಒಂದು ಸಲ ಹೊಲಿದು, ಹಾಕಿಕೊಂಡು ನೋಡಲೇಬೇಕು.

ಎರಡನ್ನೂ ಒಟ್ಟಿಗೆ ತಿದ್ದುವವರು ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಫಾರ್ವರ್ಡ್ ಶೋಲ್ಡರ್‌ಗೆ ಮಾಡುವ ಮಾಮೂಲಿ ತಿದ್ದುಪಡಿಯಲ್ಲಿ ಬಟ್ಟೆ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಹೊಲಿಗೆಯ ಗೆರೆ ಮಾತ್ರ ಜಾಗ ಬದಲಿಸುತ್ತದೆ. ಸ್ವೇ ಬ್ಯಾಕ್ ಹಾಗಲ್ಲ. ಅಲ್ಲಿ ಬೆನ್ನಿನ ಉದ್ದವನ್ನೇ ತೆಗೆಯುತ್ತೇವೆ.

ಮೊದಲು ಹೆಗಲು. ಮಸ್ಲಿನ್ ಹಾಕಿಕೊಂಡು ಪಕ್ಕದಿಂದ ಫೋಟೋ ತೆಗೆಸಿ. ತೋಳನ್ನು ಹೆಗಲಿನ ಮಟ್ಟಕ್ಕೆ ಎತ್ತಿದರೆ ಹೆಗಲಿನ ತುದಿಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ, ಅದನ್ನು ಪೆನ್ನಿನಲ್ಲಿ ಗುರುತು ಮಾಡಿ. ಈಗ ಕತ್ತಿನ ಬದಿಯಿಂದ ಆ ಗುರುತಿಗೆ ಒಂದು ದಾರ ಹಿಡಿಯಿರಿ. ಶೋಲ್ಡರ್ ಹೊಲಿಗೆ ಕತ್ತಿನ ಹತ್ತಿರ ದಾರದ ಮೇಲೇ ಇದ್ದು, ತೋಳಿನ ಕಡೆ ಹೋದಂತೆ ಹಿಂದಕ್ಕೆ ಸರಿದಿದ್ದರೆ ಅದು ಫಾರ್ವರ್ಡ್ ಶೋಲ್ಡರ್. ಸಾಮಾನ್ಯವಾಗಿ ಮುಂಭಾಗದಲ್ಲಿ, ಆರ್ಮ್‌ಹೋಲ್ ಹತ್ತಿರ ಬಟ್ಟೆ ಸ್ವಲ್ಪ ಸಡಿಲವಾಗಿಯೂ ಕಾಣುತ್ತದೆ. ಎರಡೂ ಹೆಗಲು ಒಂದೇ ಥರ ಇರಬೇಕಿಲ್ಲ, ಬೇರೆ ಬೇರೆ ನೋಡಿ.

ಆದರೆ ಹೊಲಿಗೆ ಕತ್ತಿನ ಹತ್ತಿರವೂ ಹಿಂದೆ ಸರಿದಿದ್ದರೆ? ಮುಂದೆ ಗಂಟಲಿಗೆ ಒತ್ತುತ್ತಾ, ಹಿಂದೆ ಕತ್ತಿನಿಂದ ದೂರ ನಿಂತಿದ್ದರೆ? ಆಗ ಕೊರಳಿನ ಜಾಗವೇ ತಪ್ಪಿದೆ ಎಂದರ್ಥ. ಅದಕ್ಕೆ ಹೆಗಲಿನ ಗೆರೆಯನ್ನು ಪೂರ್ತಿ ಮುಂದಕ್ಕೆ ಸರಿಸಿ ಕೊರಳನ್ನು ಹೊಸದಾಗಿ ಬರೆಯಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಏಕೆಂದರೆ ಬಟ್ಟೆ ಹಿಂದಕ್ಕೆ ಜಾರಿದ್ದರೆ ಬೆನ್ನಿನಲ್ಲಿ ಇಳಿದ ಬಟ್ಟೆ ಸೊಂಟದ ಮೇಲೆ ಮಡಿಕೆಯಾಗಿ ಕೂರುತ್ತದೆ. ನೋಡಿದವರು ಅದನ್ನೇ ಸ್ವೇ ಬ್ಯಾಕ್ ಅಂದುಕೊಂಡು ಪಿನ್ ಹಾಕಿಬಿಡುತ್ತಾರೆ. ಇದನ್ನು ಪತ್ತೆ ಮಾಡಲು ಸುಲಭ ದಾರಿ ಇದೆ. ಕತ್ತರಿಸುವ ಮೊದಲೇ ಮಸ್ಲಿನ್ನಿನ ಹಿಂಭಾಗದಲ್ಲಿ, ಬೆನ್ನಿನ ರೆಕ್ಕೆ ಮೂಳೆಗಳ ಸ್ವಲ್ಪ ಕೆಳಗೆ, ಬಟ್ಟೆಯ ಅಡ್ಡ ಎಳೆಗೆ ಸರಿಯಾಗಿ ಒಂದು ಗೆರೆ ಎಳೆದುಬಿಡಿ. ಹಾಕಿಕೊಂಡಾಗ ಆ ಗೆರೆ ನೆಲಕ್ಕೆ ಸಮವಾಗಿರಬೇಕು. ನಡುವಲ್ಲಿ ಇಳಿದಿದ್ದರೆ ಮೇಲಿನದ್ದು ಸರಿಯಾಗುವವರೆಗೆ ಸೊಂಟ ಮುಟ್ಟಬೇಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗೆರೆ ಸಮವಾಗಿದೆ, ಕತ್ತಿನ ಬದಿ ಸರಿ ಇದೆ. ತೋಳಿನ ತುದಿಯಲ್ಲಿ ಹೊಲಿಗೆ 1.2 ಸೆಂಮೀ ಹಿಂದಿದೆ. ಸೊಂಟದ ಮೇಲೆ, ಬೆನ್ನಿನ ನಡುವಲ್ಲಿ ಅಡ್ಡ ಮಡಿಕೆ ಬಿದ್ದಿದೆ.

ಮುಂಭಾಗದ ಪ್ಯಾಟರ್ನ್‌ನಲ್ಲಿ ಶೋಲ್ಡರ್ ತುದಿಯಿಂದ ಆರ್ಮ್‌ಹೋಲ್ ಗುಂಟ 1.2 ಸೆಂಮೀ ಕೆಳಗೆ ಗುರುತು ಹಾಕಿ. ಅಲ್ಲಿಂದ ಕತ್ತಿನ ಬಿಂದುವಿಗೆ ನೇರ ಗೆರೆ ಎಳೆಯಿರಿ. ತೋಳಿನ ಕಡೆ ಅಗಲ, ಕತ್ತಿನ ಕಡೆ ಸೊನ್ನೆ ಇರುವ ಒಂದು ಬೆಣೆಯಂಥ ತುಂಡು ಸಿಗುತ್ತದೆ. ಅದನ್ನು ಕತ್ತರಿಸಿ, ಎಸೆಯದೆ, ಹಿಂಭಾಗದ ಶೋಲ್ಡರ್ ಗೆರೆಗೆ ಅಂಟಿಸಿ. ಹಿಂಭಾಗದಲ್ಲಿ ಶೋಲ್ಡರ್ ಡಾರ್ಟ್ ಇದ್ದರೆ ಅದನ್ನು ಮೊದಲು ಮಡಿಸಿ ಮುಚ್ಚಿ, ಆಮೇಲೆ ಅಂಟಿಸಿ. ಅದೇ ತುಂಡನ್ನು ಬಳಸುವುದರಿಂದ ಎರಡೂ ಶೋಲ್ಡರ್ ಉದ್ದ ತಾನಾಗೇ ಹೊಂದುತ್ತದೆ. ಕೊನೆಗೆ ಎರಡು ಭಾಗಗಳನ್ನು ಹೊಸ ಗೆರೆಯಲ್ಲಿ ಜೋಡಿಸಿ ಹಿಡಿದು, ಆರ್ಮ್‌ಹೋಲ್ ಗೆರೆ ಮುರಿಯದೆ ಹರಿಯುತ್ತದೆಯೇ ನೋಡಿ. ಮೂಲೆ ಕಂಡರೆ ಅಷ್ಟನ್ನು ನಯವಾಗಿ ತಿದ್ದಿ.

ಈಗ ಮುಂಭಾಗದ ಆರ್ಮ್‌ಹೋಲ್ 1.2 ಸೆಂಮೀ ಕಡಿಮೆ, ಹಿಂಭಾಗದ್ದು ಅಷ್ಟೇ ಜಾಸ್ತಿ. ಒಟ್ಟು ಬದಲಾಗಿಲ್ಲ. ಹಾಗಾಗಿ ತೋಳಿನ ಪ್ಯಾಟರ್ನ್‌ನ ತಲೆಯ ಮೇಲಿರುವ ಗುರುತನ್ನು 1.2 ಸೆಂಮೀ ಮುಂದಕ್ಕೆ ಸರಿಸಿದರೆ ತೋಳು ಮಸ್ಲಿನ್ನಿನಲ್ಲಿ ಹೇಗೆ ಇಳಿದಿತ್ತೋ ಹಾಗೇ ಇಳಿಯುತ್ತದೆ. ಮಸ್ಲಿನ್ನಿನ ತೋಳು ಚೆನ್ನಾಗಿ ಕೂತಿದ್ದರೆ ಇಷ್ಟು ಸಾಕು. ಆದರೆ ಹೆಗಲು ಮುಂದಿದ್ದವರ ಕೈಯೂ ಹಲವು ಸಲ ಮುಂದಕ್ಕೇ ಇಳಿದಿರುತ್ತದೆ. ಆಗ ತೋಳಿನ ಮೇಲೆ ಓರೆ ಸುಕ್ಕು ಬರುತ್ತದೆ. ಅಂಥವರಿಗೆ ಲೆಕ್ಕಕ್ಕಿಂತ ಪಿನ್ನೇ ವಾಸಿ. ತೋಳಿನ ಮೇಲ್ಭಾಗ ಬಿಚ್ಚಿ, ಸುಕ್ಕು ಹೋಗುವವರೆಗೆ ನಿಧಾನಕ್ಕೆ ಮುಂದಕ್ಕೆ ತಿರುಗಿಸಿ, ಶೋಲ್ಡರ್ ಹೊಲಿಗೆ ಎಲ್ಲಿ ಬಂತೋ ಅಲ್ಲಿ ಹೊಸ ಗುರುತು ಹಾಕಿ. ಕೆಳಗಿನ ಗುರುತುಗಳೂ ಅಷ್ಟೇ ಸರಿಯುತ್ತವೆ ಎಂಬುದು ನೆನಪಿರಲಿ.

ಇನ್ನು ಸೊಂಟ. ಮೊದಲು ಸೊಂಟಕ್ಕೆ ಒಂದು ತೆಳು ಎಲಾಸ್ಟಿಕ್ ಕಟ್ಟಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ಅದೇ ನಿಜವಾದ ಸೊಂಟದ ಗೆರೆ. ಪಿನ್ ಹಾಕಲು ಇನ್ನೊಬ್ಬರು ಬೇಕು. ತಾವೇ ತಿರುಗಿ, ಬಗ್ಗಿ ನೋಡಿದರೆ ಬೆನ್ನಿನ ಉದ್ದವೇ ಬದಲಾಗುತ್ತದೆ. ಫಿಟ್ಟಿಂಗ್ ಅಂದ ಕೂಡಲೇ ಎದೆ ಸೆಟೆದು ನಿಲ್ಲುವ ಅಭ್ಯಾಸವೂ ಬೇಡ, ದಿನಾ ನಿಲ್ಲುವ ಹಾಗೇ ನಿಲ್ಲಿ.

ಹೆಚ್ಚಾದ ಬಟ್ಟೆಯನ್ನು ಬೆನ್ನಿನ ನಡುವಲ್ಲಿ ಅಡ್ಡಕ್ಕೆ ಚಿವುಟಿ ಪಿನ್ ಮಾಡಿ. ಪಕ್ಕದ ಹೊಲಿಗೆಯ ಕಡೆ ಹೋದಂತೆ ಮಡಿಕೆ ಕಿರಿದಾಗಿ ಸೊನ್ನೆ ಆಗಬೇಕು. ಪಕ್ಕದಲ್ಲೂ ಅಷ್ಟೇ ಬಟ್ಟೆ ಮಿಕ್ಕಿದರೆ ಅದು ಸ್ವೇ ಬ್ಯಾಕ್ ಅಲ್ಲ, ಬಾಡಿಸ್‌ನ ಉದ್ದವೇ ಜಾಸ್ತಿಯಾಗಿದೆ. ಸೊಂಟ ಬಿಗಿಯಾಗಿದ್ದರೂ ಬಟ್ಟೆ ಮೇಲಕ್ಕೆ ಹತ್ತಿ ಇದೇ ಥರ ಮಡಿಕೆ ಬೀಳುತ್ತದೆ. ಅನುಮಾನ ಇದ್ದರೆ ಪಕ್ಕದ ಹೊಲಿಗೆಯನ್ನು ಸೊಂಟದ ಹತ್ತಿರ ಬಿಚ್ಚಿ ನೋಡಿ. ಮಡಿಕೆ ಇಳಿದು ಹೋದರೆ ತೊಂದರೆ ಅಗಲದ್ದು.

ಬೆನ್ನಿನ ಡಾರ್ಟ್ ಅಗಲ ಮಾಡಿದರೆ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಡಾರ್ಟ್ ಅಗಲವನ್ನು ತಿನ್ನುತ್ತದೆ, ಇಲ್ಲಿ ಮಿಕ್ಕಿರುವುದು ಉದ್ದ. ಡಾರ್ಟ್ ಬಿಗಿ ಮಾಡಿದಷ್ಟೂ ಸೊಂಟ ಬಿಗಿಯಾಗಿ ಮಡಿಕೆ ಹೆಚ್ಚಾಗಬಹುದು.

ನಮ್ಮ ಉದಾಹರಣೆಯಲ್ಲಿ ಪಿನ್ನಿಗೆ ಸಿಕ್ಕಿದ್ದು ಒಟ್ಟು 1.5 ಸೆಂಮೀ ಅಂದುಕೊಳ್ಳಿ. ಮಡಿಕೆ ಸೊಂಟದಿಂದ 6 ಸೆಂಮೀ ಮೇಲಿದೆ, ಅಲ್ಲಿ ಅರ್ಧ ಬೆನ್ನಿನ ಪ್ಯಾಟರ್ನ್ 22 ಸೆಂಮೀ ಅಗಲ. ಪ್ಯಾಟರ್ನ್ ಮೇಲೆ ಅದೇ ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ, ಪಕ್ಕದ ಹೊಲಿಗೆಯ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಕಾಗದ ಬಿಡಿ. ಅದೇ ಕೀಲು. ಕೆಳಗಿನ ಭಾಗವನ್ನು ಬೆನ್ನಿನ ನಡುವಲ್ಲಿ 1.5 ಸೆಂಮೀ ಮೇಲಕ್ಕೆ ತಂದು ಒಂದರ ಮೇಲೊಂದು ಅಂಟಿಸಿ. ಪಕ್ಕದ ಹೊಲಿಗೆಯ ಉದ್ದ ಬದಲಾಗದೇ ಇರುವುದರಿಂದ ಮುಂಭಾಗದ ಜೊತೆ ಅದು ಮೊದಲಿನಂತೆಯೇ ಕೂಡುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಅಸಲಿ ಕೆಲಸ ಇರುವುದು ಇದರ ನಂತರ. ಕೀಲಿನ ಸುತ್ತ ತಿರುಗಿದ್ದರಿಂದ ಕೆಳಗಿನ ತುಂಡು ಹೊರಕ್ಕೆ ವಾಲಿದೆ, ಬೆನ್ನಿನ ನಡುಗೆರೆ ಮುರಿದಿದೆ. ಎಷ್ಟು ವಾಲಿದೆ ಎಂದು ಲೆಕ್ಕ ಹಾಕಬಹುದು. 22 ಸೆಂಮೀಗೆ 1.5 ತಿರುಗಿದರೆ, ಮಡಿಕೆಯಿಂದ 6 ಸೆಂಮೀ ಕೆಳಗಿರುವ ಸೊಂಟ ಸುಮಾರು 4 ಮಿಮೀ ಹೊರಗೆ ಬರುತ್ತದೆ. ಬಟ್ಟೆಯನ್ನು ಎರಡಾಗಿ ಮಡಿಸಿ, ನಡುಗೆರೆಯನ್ನು ಮಡಿಸಿದ ಅಂಚಿಗಿಟ್ಟು ಬೆನ್ನನ್ನು ಕತ್ತರಿಸುವುದಾದರೆ ನಡುಗೆರೆ ನೇರವಾಗಿಯೇ ಇರಬೇಕು. ಆದ್ದರಿಂದ ಕತ್ತಿನಿಂದ ಬಂದ ಗೆರೆಯನ್ನೇ ಸೊಂಟದವರೆಗೆ ನೇರ ಮುಂದುವರಿಸಿ, ಹೊರಗೆ ಉಳಿದ 4 ಮಿಮೀ ತೆಗೆಯಿರಿ. ಹಾಗೆ ತೆಗೆದರೆ ಅರ್ಧ ಬೆನ್ನಿನಲ್ಲಿ ಸೊಂಟದ ಅಳತೆ ಅಷ್ಟು ಕಡಿಮೆಯಾಯಿತು, ಅಲ್ವಾ? ಅದನ್ನು ಎಲ್ಲಾದರೂ ವಾಪಸ್ ಕೊಡಬೇಕು. ಡಾರ್ಟ್ ಕಿರಿದು ಮಾಡಿಯೂ ಕೊಡಬಹುದು. ಆದರೆ ಬೆನ್ನು ಒಳಗೆ ಬಾಗಿರುವ ಜಾಗದ ಹತ್ತಿರವೇ ಸಡಿಲ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಪಕ್ಕದ ಹೊಲಿಗೆಯಲ್ಲಿ ಸೊಂಟಕ್ಕೆ 4 ಮಿಮೀ ಸೇರಿಸಿ, ಕಂಕುಳಿನ ಕಡೆಗೆ ಸೊನ್ನೆ ಮಾಡುವುದೇ ನನಗೆ ಸರಿ ಅನಿಸುತ್ತದೆ.

ಡಾರ್ಟ್‌ನ ಕಾಲುಗಳೂ ಮಡಿಕೆ ಹಾದ ಜಾಗದಲ್ಲಿ ಮುರಿದಿರುತ್ತವೆ. ಡಾರ್ಟ್ ತುದಿಯಿಂದ ಸೊಂಟಕ್ಕೆ ನೇರವಾಗಿ ಮತ್ತೆ ಬರೆದು, ಎರಡೂ ಕಾಲು ಸಮ ಉದ್ದ ಇವೆಯೇ ನೋಡಿ. ಸೊಂಟದ ಗೆರೆ ಈಗ ನಡುವಿನ ಕಡೆ ಮೇಲೇರಿದೆ. ಡಾರ್ಟ್ ಮುಚ್ಚಿ ಹಿಡಿದು ಅದನ್ನು ಒಂದೇ ಬಾಗಿನಲ್ಲಿ ಬರೆಯಿರಿ. ಬೆನ್ನಿನ ನಡುಗೆರೆಯ ಹತ್ತಿರ ಮೊದಲ 1 ಸೆಂಮೀಯಷ್ಟು ಮಾತ್ರ ಲಂಬಕೋನದಲ್ಲಿ ಇರಲಿ. ಇಲ್ಲದಿದ್ದರೆ ಬಟ್ಟೆ ಬಿಡಿಸಿದಾಗ ಸೊಂಟದ ನಡುವೆ ಚೂಪು ಮೂಲೆ ಕಾಣುತ್ತದೆ.

ಹೊಸ ಮಸ್ಲಿನ್ ಹೊಲಿದು ನೋಡುವಾಗ ಸುಮ್ನೆ ನಿಂತರೆ ಸಾಲದು. ಕುರ್ಚಿಯಲ್ಲಿ ಕೂತು ಎರಡೂ ಕೈ ಮುಂದೆ ಚಾಚಿ. ಬೆನ್ನು ಎಳೆದರೆ ಅಥವಾ ಸೊಂಟದ ಗೆರೆ ಜಾಗ ಬಿಟ್ಟು ಬಹಳ ಮೇಲೇರಿದರೆ ಮಡಿಕೆಯಲ್ಲಿ ಜಾಸ್ತಿ ತೆಗೆದಿದ್ದೀರಿ. ನಿಂತಾಗ ಒಂದು ಸಣ್ಣ ಅಡ್ಡ ಸುಕ್ಕು ಉಳಿದರೆ ಇರಲಿ, ಕೈ ಆಡಿಸಲು ಅದು ಬೇಕು. ಮಡಿಕೆಯನ್ನು ರೆಕ್ಕೆ ಮೂಳೆಗಳ ಹತ್ತಿರಕ್ಕೆ ಒಯ್ದರೂ ಇದೇ ಎಳೆತ ಬರುತ್ತದೆ, ಅಲ್ಲಿ ಬೆನ್ನಿಗೆ ಉದ್ದ ಬೇಕಾಗಿರುತ್ತದೆ.

ಈ ಸ್ಲೋಪರಿನಿಂದ ಸೊಂಟದಲ್ಲಿ ಹೊಲಿಗೆ ಇಲ್ಲದ ಉದ್ದನೆಯ ಡ್ರೆಸ್ ಬರೆಯುವಾಗ ಮಾತ್ರ ಲೆಕ್ಕ ಬೇರೆ. ಸೊಂಟದ ಹತ್ತಿರ 4 ಮಿಮೀ ವಾಲಿದ್ದ ನಡುಗೆರೆ, ಮಡಿಕೆಯಿಂದ 60 ಸೆಂಮೀ ಕೆಳಗೆ ಹೋಗುವಷ್ಟರಲ್ಲಿ ಸುಮಾರು 4 ಸೆಂಮೀ ಹೊರಗೆ ಬಂದಿರುತ್ತದೆ. ಅಷ್ಟನ್ನು ಪಕ್ಕಕ್ಕೆ ಸಾಗಿಸಲು ಹೋದರೆ ಸ್ಕರ್ಟ್‌ನ ಆಕಾರವೇ ಕೆಡುತ್ತದೆ. ಅಂಥ ಡ್ರೆಸ್‌ಗೆ ಬೆನ್ನಿನ ನಡುವೆ ಒಂದು ಹೊಲಿಗೆ ಕೊಟ್ಟು ಸೊಂಟದ ಬಾಗನ್ನು ಅಲ್ಲೇ ಬರೆಯುವುದು, ಇಲ್ಲವೇ ಸೊಂಟದಲ್ಲಿ ಕತ್ತರಿಸಿ ಜೋಡಿಸುವುದು ಒಳ್ಳೆಯದು. ನಡುವಿನ ಹೊಲಿಗೆಯ ದಾರಿ ಹಿಡಿದರೆ, ಮೇಲೆ ಎಳೆದುಕೊಂಡ 1.5 ಸೆಂಮೀಯನ್ನು ಹಿಂಭಾಗದ ಕೆಳ ಅಂಚಿಗೆ ಸೇರಿಸಿ, ಅಂಚು ನೆಲಕ್ಕೆ ಸಮವಾಗಿ ನಿಲ್ಲುವಂತೆ ಬರೆಯಿರಿ.