ಎರಡು ಕೀಲಿಕೈ, ಒಂದು ನಮಸ್ಕಾರ

ಬ್ಯಾಂಕ್ ಶಾಖೆಯ ತಿಜೋರಿಗೆ ಎರಡು ಕೀಲಿಕೈ. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಜೊತೆಗೆ ನಿಲ್ಲದೆ ಬಾಗಿಲು ತೆರೆಯುವುದಿಲ್ಲ. ನಾನು ಆಪ್ತಸಮಾಲೋಚಕಿಯಾಗಿ ಹೋದ ಒಂದು ಶಾಖೆಯಲ್ಲಿ ಮಾತು ನಿಂತಿದ್ದು ಸರಿಯಾಗಿ ಈ ಇಬ್ಬರ ನಡುವೆಯೇ.

ಗೌರಿ ಹಬ್ಬಕ್ಕೆ ಹೆಡ್ ಕ್ಯಾಷಿಯರ್ ಕೇಳಿದ್ದ ರಜೆಯನ್ನು ಅಧಿಕಾರಿ ಎಲ್ಲರೆದುರು ನಿರಾಕರಿಸಿದ್ದರು. ಮರುದಿನದಿಂದ ಆಕೆ ಬಾಗಿಲಲ್ಲಿ ಗಾರ್ಡ್‌ಗೆ ನಮಸ್ಕಾರ ಹೇಳುವರು, ಕೌಂಟರಿನವರಿಗೆಲ್ಲ ಹೇಳುವರು, ಆತನ ಮೇಜಿನ ಹತ್ತಿರ ಮಾತ್ರ ಮೊಬೈಲ್ ನೋಡುತ್ತ ದಾಟುವರು. ಯಾರಿಗೂ ಹೇಳದಿದ್ದರೆ ಗಮನಕ್ಕೆ ಬರುತ್ತಿರಲಿಲ್ಲ. ಒಬ್ಬರನ್ನು ಬಿಟ್ಟು ಉಳಿದವರಿಗೆ ಹೇಳಿದ್ದರಿಂದ ಜಗಳ ದಿನಾ ಬೆಳಿಗ್ಗೆ ಹೊಸದಾಗುತ್ತಿತ್ತು. ಮೂರನೇ ವಾರಕ್ಕೆ ತಿಜೋರಿ ತೆರೆಯುವ ಸಮಯವನ್ನೂ ಅಟೆಂಡರ್ ಮೂಲಕ ಹೇಳಿಕಳಿಸುವ ಸ್ಥಿತಿ.

"ಒಳಗೆ ಸಿಟ್ಟಿಟ್ಕೊಂಡು ನಮಸ್ಕಾರ ಅಂದ್ರೆ ನಾಟಕ ಆಗಲ್ವಾ ಮೇಡಂ?" ಎಂದು ಆಕೆ ಕೇಳಿದರು. ನಗಬೇಕೆಂದು ನಾನು ಹೇಳಲಿಲ್ಲ. ರಜೆಯ ವಿಷಯ ಬಿಡಿ ಎಂದೂ ಹೇಳಲಿಲ್ಲ. ಉಳಿದವರಿಗೆ ಹೇಳುವ ಅದೇ "ನಮಸ್ಕಾರ ಸರ್", ಅದೇ ದನಿಯಲ್ಲಿ, ನಡೆಯುತ್ತಲೇ ಹೇಳಿ, ಉತ್ತರಕ್ಕೆ ನಿಲ್ಲಬೇಡಿ ಎಂದೆ. ಹೇಳುವ ಜಾಗ ಆತನ ಮೇಜಿನ ಬಳಿ ಇರಲಿ. ಇಕ್ಕಟ್ಟಾದ ತಿಜೋರಿ ಕೋಣೆಯಲ್ಲಿ ಎದುರುಬದುರಾಗಿ ಮೊದಲ ಮಾತು ಕಷ್ಟ. "ತಿಂಡಿ ಆಯ್ತಾ?" ಎಂಬ ನಮ್ಮ ಸಲೀಸು ವಿಚಾರಣೆಯೂ ಸದ್ಯಕ್ಕೆ ಬೇಡ. ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದೇ ಇನ್ನೊಂದು ಅವಮಾನವಾಗುತ್ತದೆ.

ಮೊದಲ ದಿನ ಎಡವಟ್ಟಾಯಿತು. ಆಕೆ "ನಮಸ್ಕಾರ ಸಾಹೇಬ್ರೇ" ಎಂದುಬಿಟ್ಟರು. ಕನ್ನಡದಲ್ಲಿ ಚುಚ್ಚಲು ಬೈಗುಳ ಬೇಕಾಗಿಲ್ಲ, ಗೌರವ ಒಂದು ಮೆಟ್ಟಿಲು ಏರಿಸಿದರೆ ಸಾಕು. ನಿನ್ನೆಯವರೆಗೆ 'ಸರ್' ಆಗಿದ್ದವರು ಇಂದು 'ಸಾಹೇಬರು' ಆದರೆ, ಏಕವಚನದ ಗೆಳೆಯನಿಗೆ ಇದ್ದಕ್ಕಿದ್ದಂತೆ 'ತಾವು' ಎಂದರೆ, ಕೇಳಿದವರಿಗೆಲ್ಲ ಅರ್ಥವಾಗುತ್ತದೆ. (ನನ್ನ ಅತ್ತಿಗೆ ಸಿಟ್ಟು ಬಂದಾಗ ಮಾತ್ರ ಅಣ್ಣನನ್ನು ಬಹುವಚನದಲ್ಲಿ ಕರೆಯುತ್ತಾರೆ.) ಜಗಳಕ್ಕೆ ಮುಂಚೆ ಹೇಗೆ ಕರೆಯುತ್ತಿದ್ದಿರೋ ಹಾಗೆಯೇ ಕರೆಯಿರಿ ಎಂದೆ.

ಮುಂದಿನ ನಾಲ್ಕು ದಿನ ಆತ ತಲೆ ಎತ್ತಲಿಲ್ಲ. "ನಾನೇ ಸೋತಂಗಾಯ್ತು" ಎಂದು ಆಕೆಗೆ ಅನ್ನಿಸಿದ್ದು ಸಹಜ. ಉತ್ತರ ಬರಲಿಲ್ಲವೆಂದು ದನಿ ಏರಿಸುವುದು, ಪಕ್ಕದವರಿಗೆ "ನೋಡಿದ್ರಾ?" ಎನ್ನುವುದು, ಎರಡನ್ನೂ ಬೇಡವೆಂದೆ. ಸಾಕ್ಷಿ ಹುಡುಕಿದ ಕ್ಷಣ ನಮಸ್ಕಾರವೇ ಒಂದು ದೂರು ಆಗಿಬಿಡುತ್ತದೆ.

ಇದು ಮುನಿಸಿಗೆ ಮಾತ್ರ ಸಲ್ಲುವ ಉಪಾಯ. ಬೆದರಿಕೆ, ನಿಂದನೆ ಇದ್ದಲ್ಲಿ ಲಿಖಿತ ದೂರು ಕೊಡಬೇಕು. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಸಂಸ್ಥೆಯ ಆಂತರಿಕ ಸಮಿತಿ ಇದೆ. ಅಂಥವರಿಗೆ ನಮಸ್ಕಾರ ಹೇಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆರನೇ ದಿನ ಆತ ತಲೆಯಾಡಿಸಿದರು. ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ, "ಹ್ಞಾಂ, ಬನ್ನಿ ಮೇಡಂ, ತೆಗೆಯೋಣ" ಎಂದು ಕೀಲಿಕೈ ಹಿಡಿದು ಎದ್ದರು. ಅಟೆಂಡರ್ ತನ್ನ ಕೆಲಸಕ್ಕೆ ಮರಳಿದ. ರಜೆಯ ತಕರಾರು ಮಾತ್ರ ಇನ್ನೂ ಮ್ಯಾನೇಜರ್ ಮೇಜಿನ ಮೇಲಿತ್ತು.